ಸಾಹಿತ್ಯ ಒಬ್ಬರದು, ಮೀಸೆ ಇನ್ನೊಬ್ಬರದು

ಪ್ರೂಫಕ್ಕ ಅಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಅಪ್ಪ ಅಮ್ಮ ಇಟ್ಟ ಹೆಸರು ಬ್ಯಾಂಕಿನವರಿಗೆ ಬಿಟ್ಟರೆ ಯಾರಿಗೂ ನೆನಪಿಲ್ಲ. ಇಪ್ಪತ್ತನೇ ವಯಸ್ಸಿಗೆ ಒಂದು ಅಚ್ಚುಕೂಟ ಸೇರಿ, ಅಕ್ಷರದ ಮೊಳೆ ಜೋಡಿಸುವುದನ್ನೂ ಕರಡು, ಅಂದರೆ ಪ್ರೂಫು, ತಿದ್ದುವುದನ್ನೂ ಕಲಿತವಳು. ಅಚ್ಚುಕೂಟ ಮುಚ್ಚಿತು. ಕಂಪ್ಯೂಟರಿನಲ್ಲಿ ಮದುವೆ ಕಾಗದ ಮಾಡಿದಳು, ಮದುವೆ ಕಾಗದಗಳೂ ಫೋನಿನೊಳಗೆ ಹೋದವು. ಹಾಗೆ ಹೊರಳುತ್ತಾ ಹೊರಳುತ್ತಾ, ಐವತ್ತು ದಾಟುವ ಹೊತ್ತಿಗೆ, ಕಿರುಚಿತ್ರಗಳಿಗೆ ಟೈಟಲ್ಸ್ ಮಾಡುವವಳಾಗಿ ನಿಂತಳು. ಜೆರಾಕ್ಸ್ ಅಂಗಡಿಯ ಮೇಲಿನ ಒಂದೇ ಕೋಣೆ, ಎರಡು ಪರದೆ, ಕುತ್ತಿಗೆ ಅಲ್ಲಾಡಿಸುವ ಒಂದು ಟೇಬಲ್ ಫ್ಯಾನು, ಬಂದವರು ಕೂರಲು ಒಂದು ಕಾಲು ಗಿಡ್ಡವಾದ ಬೆಂಚು. ಬೆಂಚನ್ನು ಅವಳು ಬೇಕೆಂದೇ ರಿಪೇರಿ ಮಾಡಿಸಿರಲಿಲ್ಲ. ನಿರ್ದೇಶಕರು ಜಾಸ್ತಿ ಹೊತ್ತು ಕೂರಬಾರದು ಎಂಬುದು ಅವಳ ಲೆಕ್ಕ.

ಅವಳ ಖ್ಯಾತಿ ಇದ್ದದ್ದು ಬಾಯಿಯಲ್ಲಿ. "ದೇವರಿಗೆ ವಿಶೇಷ ಕೃತಜ್ಞತೆಗಳು" ಅಂತ ಬರೆಸಲು ಬಂದವನಿಗೆ, "ದೇವರು ಯಾವ ಡಿಪಾರ್ಟ್‌ಮೆಂಟಪ್ಪಾ? ಲೈಟಿಂಗಾ?" ಎಂದು ಕೇಳಿದ್ದಳು. ಒಂದೇ ಚಿತ್ರಕ್ಕೆ ಕಥೆ, ಚಿತ್ರಕಥೆ, ಸಂಭಾಷಣೆ, ಸಂಕಲನ, ನಿರ್ದೇಶನ ಎಂದು ಪರದೆಯಲ್ಲಿ ಐದು ಬೇರೆ ಬೇರೆ ಕಾರ್ಡು ಬೇಕೆಂದವನಿಗೆ, "ಒಂದೇ ಕಾರ್ಡಲ್ಲಿ ಹಾಕ್ತೀನಿ. ಐದು ಸಲ ನಿನ್ನ ಹೆಸರೇ ಬಂದ್ರೆ, ಉಳಿದೋರು ಯಾರೂ ಕೆಲಸಕ್ಕೆ ಸಿಗ್ಲಿಲ್ಲವೇನೋ ಪಾಪ ಅಂದ್ಕೋತಾರೆ," ಎಂದಿದ್ದಳು. ಯಾರ ಹೆಸರನ್ನೂ ಬಿಡುತ್ತಿರಲಿಲ್ಲ, ಯಾರ ಹೆಸರನ್ನೂ ಉಬ್ಬಿಸುತ್ತಿರಲಿಲ್ಲ. ತನ್ನ ಹೆಸರನ್ನಂತೂ ಮೊದಲೇ ಹಾಕಿಕೊಂಡು ಕೆಲಸ ಶುರು ಮಾಡುತ್ತಿದ್ದಳು. ಸಂಕೋಚ ಎಂಬುದು ಅವಳ ಬಳಿ ಸುಳಿಯುತ್ತಿರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಒಬ್ಬ ಹುಡುಗ ಬಂದ. ವಿಮಾ ಕಚೇರಿಯಲ್ಲಿ ಕೆಲಸ, ರಜಾ ದಿನಗಳಲ್ಲಿ ನಿರ್ದೇಶಕ. ತನ್ನ ಕಿರುಚಿತ್ರವನ್ನು ಒಂದು ಚಿತ್ರೋತ್ಸವಕ್ಕೆ ಕಳಿಸಬೇಕಿತ್ತು. ಚಿತ್ರದ ಹೆಸರು 'ಮೀಸೆಗೂ ನಿದ್ದೆ ಬಂತು'. ಮನೆಮಂದಿಯನ್ನೆಲ್ಲ ನಡುಗಿಸುವ ಒಬ್ಬ ಮೀಸೆ ಅಜ್ಜ, ಜ್ವರ ಬಂದ ಮೊಮ್ಮಗಳನ್ನು ಮಲಗಿಸಲು ಹೋಗಿ, ಲಾಲಿ ಹಾಡುತ್ತಾ ಹಾಡುತ್ತಾ ತಾನೇ ಮೊದಲು ಮಲಗಿಬಿಡುತ್ತಾನೆ. ಅಷ್ಟೇ ಕಥೆ. ಹಾಡಿನ ಕೊನೆಯ ಸಾಲು 'ಮೀಸೆಗೂ ನಿದ್ದೆ ಬಂತು' ಎಂಬಲ್ಲಿಗೆ ಬಂದಾಗ ಅಜ್ಜ ಮೀಸೆ ನೇವರಿಸಿಕೊಳ್ಳುತ್ತಾನೆ, ಕೈ ಅಲ್ಲೇ ನಿಲ್ಲುತ್ತದೆ, ಗೊರಕೆ ಕೇಳುತ್ತದೆ. ನೋಡುತ್ತಿದ್ದ ಪ್ರೂಫಕ್ಕನಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ಅವನಿಗೆ ತೋರಿಸಲಿಲ್ಲ.

"ಎಷ್ಟುದ್ದ ಇದೆ?"

"ಹನ್ನೆರಡು ನಿಮಿಷ ನಲವತ್ತು ಸೆಕೆಂಡು ಅಕ್ಕ. ಅದರ ಮೇಲೆ ಕೊನೇ ಹೆಸರುಗಳು."

ಆ ಹೆಸರುಗಳ ಪಟ್ಟಿ ನೋಡಿದಳು. ಕೃತಜ್ಞತೆಗಳೇ ನೂರ ನಲವತ್ತಮೂರು. ಅವನ ಜಿಮ್ ಮಾಸ್ತರರು, ಮೂರು ಜನ ಹಳೇ ಗೆಳತಿಯರು, ಚಿತ್ರೀಕರಣದ ದಿನ ಹಾರ್ನ್ ಮಾಡದೆ ಹೋದ ಎದುರುಮನೆ ಕಾರಿನವರು.

"ಚಿತ್ರೋತ್ಸವದವರ ನಿಯಮ ಏನು?"

"ಹದಿನೈದು ನಿಮಿಷ. ಟೈಟಲ್ಸೂ ಸೇರಿ."

"ಇದು ಓದೋ ವೇಗದಲ್ಲಿ ಉರುಳಿದ್ರೆ ಮೂರು ನಿಮಿಷ ಹತ್ತು ಸೆಕೆಂಡಾಗುತ್ತೆ. ನೀನು ಬಾಗಿಲ ಹೊರಗೇ."

"ಸ್ವಲ್ಪ ಜೋರಾಗಿ ಓಡಿಸಿದ್ರೆ?"

"ಓದೋಕಾಗದ ಕೃತಜ್ಞತೆ ಯಾಕಪ್ಪ? ಅದೂ ಅಲ್ದೆ ಜೋರು ಮಾಡಿದ್ರೆ ಅಕ್ಷರ ಅದುರುತ್ತೆ, ಎಲ್ಲಾ ಹೆಸರಿಗೂ ಚಳಿಜ್ವರ ಬಂದ ಹಾಗೆ ಕಾಣುತ್ತೆ. ಕೆಲಸ ಮಾಡಿದೋರು ಇರಲಿ, ಜಾಗ ಕೊಟ್ಟೋರು ಇರಲಿ. ಹಾರ್ನ್ ಮಾಡದೇ ಇದ್ದೋರು ಮನೆಗೆ ಹೋಗ್ಲಿ."

ಹುಡುಗ ಗೆಳತಿಯರ ವಿಷಯದಲ್ಲಿ ಸ್ವಲ್ಪ ಹೋರಾಡಿದ. ಕೊನೆಗೆ ಮೂವರನ್ನೂ 'ಗೆಳೆಯರು ಮತ್ತು ಬಂಧುಗಳು' ಎಂಬ ಒಂದೇ ಸಾಲಿನೊಳಗೆ ತಳ್ಳಿದರು. ಪಟ್ಟಿ ಐವತ್ತೊಂದಕ್ಕೆ ಇಳಿಯಿತು.

ಮರುದಿನದಿಂದ ಅವಳು ಶೀರ್ಷಿಕೆಗೆ ಕೈಹಾಕಿದಳು. ಅಕ್ಷರಗಳನ್ನು ಕೈಯಲ್ಲೇ ಬರೆದು ಪರದೆಗೆ ತಂದಳು, ಏಕೆಂದರೆ ಹುಡುಗ ತಂದಿದ್ದ ಫಾಂಟು ಸ್ವಂತ ಬಳಕೆಗೆ ಮಾತ್ರ ಪುಕ್ಕಟೆ, ಚಿತ್ರಕ್ಕೆ ಹಾಕಬೇಕಾದರೆ ಬೇರೆ ಪರವಾನಗಿ ಬೇಕಿತ್ತು. 'ಮೀ' ಅಕ್ಷರದ ದೀರ್ಘವನ್ನು ಎಳೆದು ಹುರಿಮೀಸೆ ಮಾಡಿದಳು. 'ನಿದ್ದೆ' ಎಂಬ ಪದ ಮೂಡುವಾಗ ಆ ಮೀಸೆಯ ತುದಿಗಳು ಮೆಲ್ಲಗೆ ಕೆಳಗೆ ಬೀಳುತ್ತಿದ್ದವು. ನಾಲ್ಕು ಸೆಕೆಂಡಿನ ಕೆಲಸಕ್ಕೆ ಮೂರು ದಿನ ಹಿಡಿಯಿತು. ಮಾಡಿ ಮುಗಿಸಿ ತಾನೇ ಹನ್ನೊಂದು ಸಲ ನೋಡಿದಳು.

ಅದನ್ನು ನೋಡಲು ಹುಡುಗನ ಸೋದರಮಾವನೂ ಬಂದ. ಟೈಲ್ಸ್ ಅಂಗಡಿಯವನು, ಚಿತ್ರಕ್ಕೆ ಬಂಡವಾಳ ಹಾಕಿದವನು. ಎಲ್ಲರೂ ಅವನನ್ನು ಟೈಲ್ಸ್ ಮಾವ ಎನ್ನುತ್ತಿದ್ದರು. ಬೆಂಚಿನ ಗಿಡ್ಡ ಕಾಲಿನ ತುದಿಗೇ ಕೂತು, ಮೀಸೆ ಇಳಿಯುವುದನ್ನು ನೋಡಿ, ಮೂಗು ಒರೆಸಿಕೊಂಡ.

"ನಮ್ಮಪ್ಪಂದೇ ಮೀಸೆ ಅದು," ಎಂದ. "ಅದಕ್ಕೇ ನಾನು ಈ ಚಿತ್ರಕ್ಕೆ ಕೈ ಹಾಕಿದ್ದು."

ಆಮೇಲೆ ಕೊನೆಯ ಸೂಚನೆಗಳ ಕಾರ್ಡು ಬಂತು. 'ಈ ಚಿತ್ರದ ಪಾತ್ರಗಳು ಕಾಲ್ಪನಿಕ. ಬದುಕಿರುವ ಅಥವಾ ಗತಿಸಿದ ಯಾರನ್ನಾದರೂ ಹೋಲಿದರೆ ಅದು ಕೇವಲ ಕಾಕತಾಳೀಯ.'

ಟೈಲ್ಸ್ ಮಾವನ ಮುಖ ಬಿಗಿಯಿತು. "ಯಾಕೆ ಕಾಕತಾಳೀಯ? ಹೋಲಲಿ ಅಂತಾನೇ ತಾನೆ ತೆಗ್ದಿರೋದು? ನಮ್ಮಪ್ಪನ ಸ್ವೆಟರು ನಾನೇ ಕೊಟ್ಟಿದ್ದೀನಿ."

"ಹಾಗಾದ್ರೆ ಸುಳ್ಳು ಬರೆಯೋದು ಬೇಡ," ಎಂದಳು ಪ್ರೂಫಕ್ಕ. "ಇದನ್ನ ತೆಗೆದು, 'ನಮ್ಮ ಅಜ್ಜನ ನೆನಪಿಗೆ' ಅಂತ ಒಂದು ಕಾರ್ಡು ಹಾಕೋಣ. ನಿಮ್ಮ ಮನೇಲಿ ಉಳಿದೋರೂ ಒಪ್ಪಬೇಕು, ಅಜ್ಜ ಎಲ್ರಿಗೂ ಸೇರಿದೋರು."

ಮಾವ ಅಲ್ಲೇ ಕೂತು ಅಣ್ಣನಿಗೂ ತಂಗಿಗೂ ಫೋನು ಹಚ್ಚಿದ. ಮಾತು ಜಗಳಕ್ಕೆ ತಿರುಗಿತು. ಅಪ್ಪನ ಮೀಸೆ ಅಷ್ಟು ದೊಡ್ಡದಿರಲಿಲ್ಲ ಎಂದು ತಂಗಿ ಹಟ ಹಿಡಿದಳು. ಕೊನೆಗೆ ಎಲ್ಲರೂ ಒಪ್ಪಿದರು.

ಇನ್ನು ಉಳಿದದ್ದು ಹಾಡಿನ ಸಾಲು. ಪಟ್ಟಿಯಲ್ಲಿ 'ಲಾಲಿ ಹಾಡು: ಜನಪದ' ಎಂದಿತ್ತು.

"ಯಾವ ಕಡೆ ಜನಪದ?" ಎಂದಳು ಪ್ರೂಫಕ್ಕ.

"ಗೊತ್ತಿಲ್ಲ ಅಕ್ಕ. ಎಲ್ರೂ ಹಾಡ್ತಾರೆ. ನಮ್ಮ ಇಸ್ಕೂಲ್ ಪುಸ್ತಕದಲ್ಲಿತ್ತು."

"ಗೊತ್ತಿಲ್ಲ ಅನ್ನೋದಕ್ಕೂ ಜನಪದ ಅನ್ನೋದಕ್ಕೂ ವ್ಯತ್ಯಾಸ ಇದೆ. ಆ ಪುಟದ ಫೋಟೊ ಕಳಿಸು. ಬರೆದೋರು ಇದ್ರೆ ಅನುಮತಿ ಬೇಕು. ಅವರು ಬದುಕಿರೋ ತನಕ ಹಕ್ಕು ಅವರದ್ದು. ಹೋದ ಮೇಲೂ ಎಷ್ಟೋ ವರ್ಷ ಮನೆಯವರದ್ದು."

ಸಂಜೆ ಫೋಟೊ ಬಂತು. 'ಮಕ್ಕಳ ಹಾಡುಗಳು' ಎಂಬ ತೆಳು ಪುಸ್ತಕ. ಇಪ್ಪತ್ತೆರಡನೇ ಪುಟ. ಪ್ರೂಫಕ್ಕ ಕನ್ನಡಕ ಏರಿಸಿ ನೋಡಿದಳು, ಮತ್ತೆ ನೋಡಿದಳು. ಪುಟದ ಸುತ್ತ ಹೂಬಳ್ಳಿಯ ಅಂಚು. ಆ ಅಂಚಿನ ಬಲಮೂಲೆಯಲ್ಲಿ ಒಂದು ಎಲೆ ಮುರಿದಿತ್ತು. ಅಂಥ ಮುರಿದ ಎಲೆಯ ಅಂಚು ಇದ್ದದ್ದು ಒಂದೇ ಅಚ್ಚುಕೂಟದಲ್ಲಿ, ಅವಳು ಕೆಲಸ ಕಲಿತ ಕಡೆ.

ಮೂವತ್ತೊಂದು ವರ್ಷದ ಹಿಂದಿನ ಒಂದು ಮಧ್ಯಾಹ್ನ ಅವಳಿಗೆ ನೆನಪಾಯಿತು. ಹಾಡು ಪುಟದೊಳಗೆ ಹಿಡಿಯುತ್ತಿರಲಿಲ್ಲ. ಒಂದು ಸಾಲು ಹೆಚ್ಚಾಗಿತ್ತು. ಮಾಲೀಕರು ಊಟಕ್ಕೆ ಹೊರಟವರು ಬಾಗಿಲಲ್ಲೇ ನಿಂತು, "ಏನಾದ್ರೂ ತೆಗಿ, ಅಂಚು ಮಾತ್ರ ಮುಟ್ಟಬೇಡ," ಎಂದಿದ್ದರು. ಹಾಡಿನ ಸಾಲು ತೆಗೆಯಲಾಗದು. ಕೆಳಗೆ ಒಂದು ಸಾಲಿತ್ತು. 'ಬರೆದವರು' ಎಂದು ಒಂದು ಹೆಸರು, ಮುಂದೆ 'ಮಕ್ಕಳ ವಾರ್ಡ್' ಎಂದು. ಇಪ್ಪತ್ತಮೂರರ ಹುಡುಗಿ ಆ ಸಾಲಿನ ಮೊಳೆಗಳನ್ನು ಎತ್ತಿ ಮತ್ತೆ ಗೂಡುಗಳಿಗೆ ಹಾಕಿದ್ದಳು. ಹೂಬಳ್ಳಿ ಉಳಿಯಿತು. ಬರೆದವಳು ಹೋದಳು.

ನೂರು ಜನರಿಗೆ ಹೆಸರಿನ ಪಾಠ ಹೇಳಿದವಳು ಅಂದು ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತಳು. ಅವಳ ಗಂಡ ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಹೆಂಡತಿ ಸುಮ್ಮನಿದ್ದರೆ ಏನೋ ಕೆಟ್ಟದ್ದಾಗಿದೆ ಎಂದು ಅವನಿಗೆ ಗೊತ್ತು.

"ಏನಾಯ್ತು? ಬಾಯಿಗೆ ಬೀಗ ಬಿದ್ದಿದೆ?"

ಹೇಳಿದಳು. ಹೆಸರು ಮಾತ್ರ ಅರ್ಧವೇ ನೆನಪಿದೆ ಎಂದಳು. ಅವನು ಕೈ ತೊಳೆದು ಬಂದು ಕೂತ.

"ಜನಪದ ಅಂತಾನೇ ಇರಲಿ ಬಿಡು ಅಂದ್ರೆ ಆಗಲ್ವಾ?"

"ಆಗಲ್ಲ."

"ಗೊತ್ತಿತ್ತು. ಸುಮ್ನೆ ಕೇಳ್ದೆ." ಅವನು ಯೋಚಿಸಿದ. "ಹೆಸರಿನ ಮೊದಲನೇ ಅರ್ಧ ಏನಂದೆ?"

ಅರ್ಧ ಹೆಸರನ್ನು ಹೇಳಿದಳು.

"ಅಯ್ಯೋ, ಮಕ್ಕಳಾಸ್ಪತ್ರೆ ಸ್ಟಾಪಿನ ಸಿಸ್ಟರ್ರು. ಬೆಳಿಗ್ಗೆ ಏಳೂ ಹತ್ತರ ಗಾಡಿ, ಎಡಗಡೆ ಮೂರನೇ ಸೀಟು. ಹದಿನೆಂಟು ವರ್ಷ ಪಾಸ್ ತೋರ್ಸಿದಾರೆ, ಒಂದು ದಿನ ನಕ್ಕಿಲ್ಲ. ನೀರಿನ ಟ್ಯಾಂಕ್ ಹಿಂದೆ ಮನೆ. ಇದ್ದಾರೆ ಇನ್ನೂ, ಮೊನ್ನೆ ತರಕಾರಿಯವನನ್ನ ಬಯ್ತಾ ಇದ್ರು."

ಮರುದಿನ ಬೆಳಿಗ್ಗೆ ಪ್ರೂಫಕ್ಕ ಹುಡುಗನನ್ನೂ ಕರೆದುಕೊಂಡು ಹೋದಳು. ದಾರಿಯಲ್ಲಿ ಅವನಿಗೆ ವಿಷಯ ತಿಳಿಸಿದಳು. ಅವನು, "ಅವ್ರು ಆಗಲ್ಲ ಅಂದ್ರೆ ಅಕ್ಕ?" ಎಂದು ಮೂರು ಸಲ ಕೇಳಿದ. "ಹಾಡೇ ನನ್ನ ಚಿತ್ರ. ಹೆಸರೂ ಅದೇ."

"ಆಗಲ್ಲ ಅಂದ್ರೆ ಆಗಲ್ಲ. ಅದಕ್ಕೇ ಅದನ್ನ ಹಕ್ಕು ಅನ್ನೋದು."

ಬಾಗಿಲು ತೆಗೆದವರು ಎಪ್ಪತ್ತೆಂಟರ ಮುದುಕಿ. ನೆಟ್ಟಗೆ ನಿಂತಿದ್ದರು, ಕೈಯಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಹುಡುಗನನ್ನು ಮೇಲಿಂದ ಕೆಳಗೆ ನೋಡಿ, "ರಕ್ತ ಕಮ್ಮಿ ಇದೆ ನಿಂಗೆ. ಒಳಗೆ ಬಾ," ಎಂದರು.

ಪ್ರೂಫಕ್ಕ ಸುತ್ತಿ ಬಳಸಲಿಲ್ಲ. ಕೂತ ತಕ್ಷಣ ಹೇಳಿಬಿಟ್ಟಳು. "ಅಮ್ಮಾ, ನಿಮ್ಮ ಹಾಡಿಂದ ನಿಮ್ಮ ಹೆಸರು ತೆಗೆದೋಳು ನಾನು. ಪುಟದಲ್ಲಿ ಜಾಗ ಇರಲಿಲ್ಲ. ಮೂವತ್ತೊಂದು ವರ್ಷ ಆಯ್ತು."

ಸಿಸ್ಟರ್ ಕ್ಲಿಪ್ಪುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟರು.

"ಮೀಸೆ ಅಂಟಿಸಿದೋಳೂ ನೀನೇನಾ?"

"ಯಾವ ಮೀಸೆ?"

"ನಾನು ಬರ್ದಿದ್ದು ಸೀಸೆ."

ಸಿಸ್ಟರ್ ಎದ್ದು ಹೋಗಿ ರಟ್ಟಿನ ಹೊದಿಕೆಯ ಹಳೇ ನೋಟ್‌ಪುಸ್ತಕ ತಂದರು. ನೀಲಿ ಶಾಯಿಯಲ್ಲಿ ಹಾಡಿತ್ತು.

*ಸೂಜಿಗೆ ನಿದ್ದೆ ಬಂತು, ಹತ್ತಿಗೆ ನಿದ್ದೆ ಬಂತು,*
*ಮಂಚದ ಕಾಲಿಗೆ ನಿದ್ದೆ ಬಂತು,*
*ಕಹಿಕಹಿ ಮದ್ದಿನ ಸಿಡುಕಿನ ಮೋರೆಯ*
*ಸೀಸೆಗೂ ನಿದ್ದೆ ಬಂತು.*

"ಮಕ್ಕಳು ಸೂಜಿಗೆ ಹೆದರ್ತಿದ್ವು, ಔಷಧಿ ಸೀಸೆ ಕಂಡ್ರೆ ಮುಖ ತಿರುಗಿಸ್ತಿದ್ವು," ಎಂದರು ಸಿಸ್ಟರ್. "ಅವೆಲ್ಲಾ ಮಲಗಿದ್ವು, ಇನ್ನು ನೀನೂ ಮಲಗು ಅಂತ ಹಾಡ್ತಿದ್ದೆ. ರಾಗಾನೂ ನಂದೇ. ಪುಸ್ತಕ ಕೈಗೆ ಬಂತು, ನೋಡಿದ್ರೆ ಮೀಸೆಗೂ ನಿದ್ದೆ ಬಂತು. ವಾರ್ಡಲ್ಲಿ ಮೀಸೆ ಯಾರಿಗಿತ್ತು? ದೊಡ್ಡ ಡಾಕ್ಟರಿಗೊಬ್ರಿಗೆ. ಅವರು ನನ್ನನ್ನ ಕರೆದು, 'ಏನ್ ಸಿಸ್ಟರ್, ನನ್ನ ಮೇಲೆ ಹಾಡು ಕಟ್ಟಿದ್ದೀರಂತೆ, ಅದೂ ಸಿಡುಕಿನ ಮೋರೆ ಅಂತ' ಅಂದ್ರು. ಎರಡು ವರ್ಷ ನೈಟ್ ಡ್ಯೂಟಿ ತಪ್ಪಲಿಲ್ಲ ನಂಗೆ."

ಪ್ರೂಫಕ್ಕ ನೋಟ್‌ಪುಸ್ತಕದ ಮೇಲೆ ಬಗ್ಗಿದಳು. ಸಿಸ್ಟರ ಕೈಬರಹದಲ್ಲಿ 'ಸ' ಅಡ್ಡಾದಿಡ್ಡಿ ಸುತ್ತಿಕೊಂಡು 'ಮ'ದ ಹಾಗೇ ಕಾಣುತ್ತಿತ್ತು. ಆದರೆ ಮದ್ದಿಗೂ ಮೀಸೆಗೂ ಏನು ಸಂಬಂಧ ಎಂದು ಕರಡು ತಿದ್ದುವವಳು ಕೇಳಬೇಕಿತ್ತು. ಕೇಳಿರಲಿಲ್ಲ. ಹೆಸರು ತೆಗೆದದ್ದಾದರೂ ಮಾಲೀಕರ ಮಾತಿಗೆ. ಮೀಸೆ ಮಾತ್ರ ಪೂರ್ತಿ ತನ್ನದು.

"ನಿಮ್ಮ ಕೈಬರಹಾನೂ ಅಷ್ಟಕ್ಕಷ್ಟೇ ಅಮ್ಮಾ," ಎಂದಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಹದಿನೆಂಟು ವರ್ಷ ಬಸ್ಸಿನಲ್ಲಿ ನಗದ ಹೆಂಗಸು ನಕ್ಕುಬಿಟ್ಟರು. "ತಪ್ಪೊಪ್ಪಿಕೊಳ್ಳೋಕೆ ಬಂದಿದ್ದೀಯೋ, ಜಗಳಕ್ಕೆ ಬಂದಿದ್ದೀಯೋ?"

ಹುಡುಗ ಫೋನಿನಲ್ಲಿ ಚಿತ್ರ ತೋರಿಸಿದ. ಸಿಸ್ಟರ್ ಕಣ್ಣು ಕಿರಿದು ಮಾಡಿ ಪೂರ್ತಿ ನೋಡಿದರು. ಅಜ್ಜನ ಕೈ ಮೀಸೆಯ ಮೇಲೆ ನಿಂತಾಗ ಅವರ ತುಟಿ ಹಾಡಿನ ಜೊತೆ ಅಲ್ಲಾಡುತ್ತಿತ್ತು. ಅವರು ಅಂದದ್ದು ಸೀಸೆ ಎಂದೇ.

"ಜ್ವರದ ಮಗೂಗೆ ಅಷ್ಟು ದಪ್ಪ ಹೊದಿಕೆ ಹೊದಿಸಬಾರದು," ಎಂದರು. ಸ್ವಲ್ಪ ತಡೆದು, "ಚೆನ್ನಾಗಿದೆ. ಆದ್ರೆ ಹಾಡು ಸರಿಪಡಿಸ್ಬೇಕು," ಎಂದರು.

ಹುಡುಗನ ಮುಖ ಬಿಳುಚಿತು. ಸೀಸೆ ಮಾಡಿದರೆ ಅಜ್ಜನ ಕೈ ಮೀಸೆಗೆ ಹೋಗುವುದಕ್ಕೆ ಅರ್ಥವಿಲ್ಲ. ಚಿತ್ರದ ಹೆಸರು ಹೋಯಿತು, ಮೂರು ದಿನದ ಶೀರ್ಷಿಕೆ ಹೋಯಿತು. ಅಪ್ಪನ ಮೀಸೆಗಾಗಿಯೇ ಬಂದ ಟೈಲ್ಸ್ ಮಾವ ಉಳಿಯುವುದೂ ಅನುಮಾನ. ಅವನು ಹೊರಗೆ ಹೋಗಿ ಮಾವನಿಗೆ ಫೋನು ಮಾಡಿದ. ಕಾಲು ಗಂಟೆಯಲ್ಲಿ ಮಾವನೇ ಸ್ಕೂಟರಿನಲ್ಲಿ ಬಂದಿಳಿದ.

"ಅಮ್ಮಾ, ಸೀಸೆ ಮೇಲೆ ಯಾರಾದ್ರೂ ಚಿತ್ರ ತೆಗೀತಾರಾ? ಕುಡುಕನ ಕಥೆ ಅಂದ್ಕೋತಾರೆ."

"ನಾನೇನು ಚಿತ್ರ ತೆಗೀರಿ ಅಂತ ಬರ್ದಿದ್ನಾ?"

"ನಮ್ಮಪ್ಪನ ಮೀಸೆ ನೋಡಿ ಅಮ್ಮಾ," ಎಂದು ಮಾವ ಜೇಬಿನಿಂದ ಒಂದು ಹಳೇ ಫೋಟೊ ತೆಗೆದ. ಸಿಸ್ಟರ್ ನೋಡಿದರು. ಹಿಂದೆ ತಿರುಗಿಸಿದರು. ಮತ್ತೆ ನೋಡಿದರು.

"ಇದೇನು ಮಹಾ ಮೀಸೆ? ನಮ್ಮ ದೊಡ್ಡ ಡಾಕ್ಟರ ಮೀಸೆ ನೋಡ್ಬೇಕಿತ್ತು ನೀವು."

ಮಾವನಿಗೆ ಸಿಟ್ಟು ಬಂದದ್ದು ಕಾಣುತ್ತಿತ್ತು, ಆದರೆ ಅವನ ತಂಗಿಯೂ ಅದನ್ನೇ ಹೇಳಿದ್ದಳಲ್ಲ. ಪೆಚ್ಚಾಗಿ ಫೋಟೊ ಒಳಗಿಟ್ಟುಕೊಂಡ. ಎಲ್ಲರೂ ಪ್ರೂಫಕ್ಕನ ಕಡೆ ನೋಡಿದರು. ಅವಳು ಚೀಲದಿಂದ ಕಾಗದ ತೆಗೆದಳು.

"ನೋಡಿ ಅಮ್ಮಾ. ಅಜ್ಜ ಹಾಡಿದ್ದು ಹಾಡಾಗಿದೆ, ಮತ್ತೆ ಚಿತ್ರೀಕರಿಸೋಣ ಅಂದ್ರೆ ಆ ಪುಟ್ಟಿಗೆ ಈಗ ಹಲ್ಲು ಬಿದ್ದಿದೆ. ಆದ್ರೆ ಕೊನೇ ಹೆಸರುಗಳು ನನ್ನ ಕೈಯಲ್ಲಿವೆ. ಎರಡು ನಿಮಿಷ ಇಪ್ಪತ್ತು ಸೆಕೆಂಡು ಇದೆ, ಅದರಲ್ಲಿ ಆರು ಸೆಕೆಂಡು ನಿಮಗೇ ಬೇರೆ ಕಾರ್ಡು. ಉರುಳಲ್ಲ, ನಿಲ್ಲುತ್ತೆ. ಸಾಹಿತ್ಯ ಮತ್ತು ರಾಗ ಅಂತ ನಿಮ್ಮ ಪೂರ್ತಿ ಹೆಸರು, 'ಅನುಮತಿಯೊಂದಿಗೆ ಬಳಸಲಾಗಿದೆ, ಹಕ್ಕುಗಳು ಲೇಖಕಿಯವು' ಅಂತ. ಕೆಳಗೆ, ಮೂಲದಲ್ಲಿ ಸೀಸೆ ಅಂತಾನೂ ಹಾಕ್ತೀನಿ."

"ಮೀಸೆ ಯಾರದ್ದು ಅಂತಾನೂ ಹಾಕು," ಎಂದರು ಸಿಸ್ಟರ್.

"ಅಂದ್ರೆ?"

"ನೀನು ಇಷ್ಟು ಜನರ ಹೆಸರು ಹಾಕ್ತೀಯಲ್ಲ, ಯಾರ್ಯಾರು ಏನೇನು ಮಾಡಿದ್ರು ಅಂತ. ಮೀಸೆ ನಿನ್ನ ಕೆಲಸ ತಾನೆ? ನಿನ್ನ ಹೆಸರು ಹಾಕು. ನನ್ನ ಹೆಸರಿನಷ್ಟೇ ದೊಡ್ಡದಾಗಿ."

ಪ್ರೂಫಕ್ಕ ಜೀವನದಲ್ಲಿ ಮೊದಲ ಸಲ ತನ್ನ ಹೆಸರು ಹಾಕಲು ಹಿಂದೆಮುಂದೆ ನೋಡಿದಳು. ತಪ್ಪಿನ ಮುಂದೆ ಸಹಿ ಹಾಕುವುದು ಬೇರೆ ಮಾತು. ಅದೂ ಊರಿನ ಎದುರು, ದೊಡ್ಡ ಪರದೆಯ ಮೇಲೆ. ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಎರಡು ಸಲ ತೆಗೆದು ಹಾಕಿದಳು.

"ಹಾಕ್ತೀನಿ," ಎಂದಳು.

ಅಲ್ಲೇ ಅನುಮತಿ ಪತ್ರ ಬರೆದರು. ಯಾವ ಚಿತ್ರ, ಹಾಡಿನ ಎಷ್ಟು ಭಾಗ, ಚಿತ್ರೋತ್ಸವಗಳಲ್ಲೂ ಅಂತರಜಾಲದಲ್ಲೂ ತೋರಿಸಬಹುದು, ಹಾಡನ್ನು ಬೇರೆಯಾಗಿ ಬಿಡುಗಡೆ ಮಾಡುವಂತಿಲ್ಲ, ಕಾರ್ಡಿನ ಒಕ್ಕಣೆ ಹೀಗೇ ಇರಬೇಕು. ಸಿಸ್ಟರ್ ಪ್ರತಿ ಸಾಲನ್ನೂ ಔಷಧಿ ಚೀಟಿ ಓದುವಂತೆ ಬೆರಳಿಟ್ಟು ಓದಿದರು. ಸಂಭಾವನೆ ಎಷ್ಟು ಎಂದು ಮಾವ ಕೇಳಿದ್ದಕ್ಕೆ, ತಮ್ಮ ಬಚ್ಚಲಿನ ಮೂರು ಟೈಲ್ಸ್ ಒಡೆದಿವೆ ಎಂದರು. ಅದನ್ನೂ ಪತ್ರದಲ್ಲಿ ಬರೆದರು. ಮಾವ ಶಾಸನ ಕೆತ್ತುವವನಷ್ಟು ಗಂಭೀರವಾಗಿ ಸಹಿ ಹಾಕಿದ.

ಕಾರ್ಡು ಮಾಡಲು ಕೂತಾಗ ಪ್ರೂಫಕ್ಕನಿಗೆ ಒಂದು ಆಸೆ ಬಂದದ್ದು ನಿಜ. ತನ್ನ ಸಾಲಿನ ಅಕ್ಷರದ ಗಾತ್ರವನ್ನು ಒಂದೆರಡು ಅಂಕೆ ಚಿಕ್ಕದು ಮಾಡಿದರೆ ಯಾರಿಗೆ ಗೊತ್ತಾಗುತ್ತದೆ? ಮಾಡಿಯೂ ನೋಡಿದಳು. ಹಿಂದೆ ನಿಂತಿದ್ದ ಗಂಡ, "ಟಿಕೆಟ್ ಹರಿದಾದ ಮೇಲೆ ಇಳೀತೀನಿ ಅಂದ್ರೆ ಹೇಗೆ?" ಎಂದ. ಮತ್ತೆ ದೊಡ್ಡದು ಮಾಡಿದಳು.

ಚಿತ್ರೋತ್ಸವ ನಡೆದದ್ದು ಒಂದು ಕಾಲೇಜಿನ ಸಭಾಂಗಣದಲ್ಲಿ, ಮಧ್ಯಾಹ್ನ. ಮೊದಲ ಎರಡು ಚಿತ್ರ ಮುಗಿಯುತ್ತಲೇ, ಹೆಸರು ಬರುವ ಹೊತ್ತಿಗೆ ಜನ ಎದ್ದು ಬಾತ್‌ರೂಮಿಗೆ ಹೋದರು. ಪ್ರೂಫಕ್ಕನಿಗೆ ಅದು ರೂಢಿ. ತನ್ನ ಅರ್ಧ ಕೆಲಸವನ್ನು ಜನರ ಬೆನ್ನೇ ನೋಡಿದೆ ಎಂದು ಅವಳು ಹೇಳುವುದುಂಟು. ಮೂರನೆಯದು ಇವರದು. ಮೀಸೆ ಇಳಿಯಿತು, ಜನ ನಕ್ಕರು. ಅಜ್ಜ ಗೊರಕೆ ಹೊಡೆದ, ಜನ ಸುಮ್ಮನಾದರು. ಕಪ್ಪು ಪರದೆಯ ಮೇಲೆ ಮೊದಲು ಅಜ್ಜನ ನೆನಪಿನ ಕಾರ್ಡು, ಟೈಲ್ಸ್ ಮಾವ ಜೋರಾಗಿ ಮೂಗು ಸೀಟಿದ. ಏಳಲು ಹೊರಟವರು ಅರ್ಧ ಎದ್ದಿದ್ದರು. ಆಗ ಇನ್ನೊಂದು ಕಾರ್ಡು ಬಂದು ನಿಂತಿತು. 'ಸಾಹಿತ್ಯ ಮತ್ತು ರಾಗ' ಎಂದು ಸಿಸ್ಟರ ಹೆಸರು. ಅದರ ಕೆಳಗೆ, 'ಮೂಲದಲ್ಲಿ: ಸೀಸೆಗೂ ನಿದ್ದೆ ಬಂತು'. ಅದರ ಕೆಳಗೆ, 'ಮೀಸೆ' ಎಂದು ಪ್ರೂಫಕ್ಕನ ಹೆಸರು, ಮುಂದೆ 'ಅಚ್ಚಿನ ತಪ್ಪು' ಎಂಬೆರಡು ಪದ.

ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಸಭಾಂಗಣವೇ ನಕ್ಕಿತು. ಅರ್ಧ ಎದ್ದವರು ಕೂತರು. ಪ್ರೂಫಕ್ಕನ ಕಿವಿ ಬಿಸಿಯಾಯಿತು. ಪಕ್ಕದಲ್ಲಿ ಸಿಸ್ಟರ್ ನೆಟ್ಟಗೆ ಕೂತು ಆ ಆರು ಸೆಕೆಂಡನ್ನೂ ರೆಪ್ಪೆ ಬಡಿಯದೆ ನೋಡಿದರು. ಕಾರ್ಡು ಮರೆಯಾದ ಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಪ್ರೂಫಕ್ಕ ಆ ಕಡೆ ನೋಡಲಿಲ್ಲ.

ಬಹುಮಾನ ಬಂದದ್ದು ಬೇರೆ ಯಾವುದೋ ಚಿತ್ರಕ್ಕೆ. ಹೊರಗೆ ಒಬ್ಬ ತಾಯಿ ಸಿಸ್ಟರನ್ನು ಹುಡುಕಿಕೊಂಡು ಬಂದು, "ನಾನು ಸಣ್ಣವಳಿದ್ದಾಗ ನಿಮ್ಮ ವಾರ್ಡಲ್ಲಿದ್ದೆ. ಸೀಸೆ ಅಂತಾನೇ ನೆನಪು ನಂಗೆ. ಎಲ್ರೂ ನಿನಗೆ ತಪ್ಪು ನೆನಪು ಅಂತಿದ್ರು," ಎಂದಳು. ಸಿಸ್ಟರ್ ಅವಳ ನಾಡಿ ಹಿಡಿದು ನೋಡಿದರು, ಅಭ್ಯಾಸಬಲ.

ಮುಂದಿನ ಸೋಮವಾರ ಜೆರಾಕ್ಸ್ ಅಂಗಡಿಯ ಮೆಟ್ಟಿಲು ಹತ್ತಿ ಸಿಸ್ಟರ್ ಬಂದರು. ಬಗಲಲ್ಲಿ ರಟ್ಟಿನ ಹೊದಿಕೆಯ ಮೂರು ನೋಟ್‌ಪುಸ್ತಕ, ಒಟ್ಟು ಅರವತ್ತೆರಡು ಹಾಡು. ಇವನ್ನು ಪುಸ್ತಕ ಮಾಡಬೇಕು, ಬೇರೆ ಯಾರ ಕೈಗೂ ಕೊಡುವುದಿಲ್ಲ ಎಂದರು. ಯಾಕೆ ಎಂದು ಪ್ರೂಫಕ್ಕ ಕೇಳಿದ್ದಕ್ಕೆ, "ಬೇರೆಯವರು ಹೊಸ ತಪ್ಪು ಮಾಡ್ತಾರೆ. ನಿನ್ನ ತಪ್ಪು ನಂಗೆ ಅಭ್ಯಾಸ ಆಗಿದೆ," ಎಂದರು.

ಈಗ ವಾರಕ್ಕೆ ಎರಡು ದಿನ ಅವರು ಬಂದು ಹಾಡನ್ನು ಗಟ್ಟಿಯಾಗಿ ಓದುತ್ತಾರೆ, ಪ್ರೂಫಕ್ಕ ಪರದೆಯ ಮೇಲೆ ಅಕ್ಷರಕ್ಕೆ ಅಕ್ಷರ ನೋಡುತ್ತಾಳೆ. ಹತ್ತೊಂಬತ್ತನೇ ಹಾಡಿನ ಒಂದು ಅಲ್ಪವಿರಾಮದ ಬಗ್ಗೆ ಎರಡು ವಾರದಿಂದ ಜಗಳ ನಡೆದಿದೆ. ಅದು ಅಲ್ಪವಿರಾಮವಲ್ಲ, ಶಾಯಿ ಕಲೆ ಎಂದು ಪ್ರೂಫಕ್ಕನ ವಾದ. ಸಿಸ್ಟರ್ ಒಪ್ಪಿಲ್ಲ.